ಮೂತ್ರ ತಯಾರಾಗುವುದನ್ನು ಒಂದೇ ಸ್ಲೈಡಿನಲ್ಲಿ ವಿವರಿಸುವುದು ಹೇಗೆ?

"ನಾನು ಬಿಎಸ್ಸಿ ನರ್ಸಿಂಗ್ ಮೊದಲ ವರ್ಷ. ಸೆಮಿನಾರಿನಲ್ಲಿ ನೆಫ್ರಾನ್ ಚಿತ್ರ ಇರುವ ಒಂದು ಸ್ಲೈಡ್ ವಿವರಿಸಬೇಕು. ಸೋಸುವಿಕೆ, ಮರುಹೀರಿಕೆ, ಸ್ರವಿಸುವಿಕೆ ಮೂರಕ್ಕೂ ಬಾಣ ಹಾಕಿದ್ದೇನೆ, ಆದರೆ ಹೇಳಲು ಹೋದರೆ ಎಲ್ಲ ಕಲಸಿಹೋಗುತ್ತದೆ. ಹೇಗೆ ಶುರು ಮಾಡಲಿ?"

ಶಿವಮೊಗ್ಗದಲ್ಲಿ ಕೆಲವು ವರ್ಷಗಳಿಂದ ಇದೇ ಪಾಠ ಮಾಡುತ್ತಿದ್ದೇನೆ. ಮೊದಲ ವರ್ಷ ನಾನೂ ಬಾಣಗಳನ್ನೇ ಒಂದೊಂದಾಗಿ ಓದಿ ಹೇಳಿದ್ದೆ. ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ದಿನಕ್ಕೆ 180 ಲೀಟರ್ ಸೋಸಿದ್ರೆ ನಾವು ಒಣಗಿ ಹೋಗ್ಬೇಕಲ್ವಾ?" ಅವತ್ತಿನಿಂದ ಅವಳ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತೇನೆ. ನೀವೂ ಹಾಗೇ ಮಾಡಿ.

180 ಲೀಟರ್ ಅಂದರೆ 15 ಲೀಟರಿನ ಕೊಡದಲ್ಲಿ 12 ಕೊಡ. ಹೊರಗೆ ಹೋಗುವ ಮೂತ್ರ ಸುಮಾರು ಒಂದೂವರೆ ಲೀಟರ್. ಮೈಯಲ್ಲಿರುವ ಪ್ಲಾಸ್ಮಾ ಬರೀ 3 ಲೀಟರ್. ಅದೇ ಪ್ಲಾಸ್ಮಾ ದಿನಕ್ಕೆ ಸುಮಾರು 60 ಸಲ ಸೋಸಲ್ಪಡುತ್ತದೆ, ಸೋಸಿದ್ದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ವಾಪಸ್ ಬರುತ್ತದೆ.

ದೀಪಾವಳಿಗೆ ಮುಂಚೆ ನಮ್ಮ ಕಡೆ ಅಟ್ಟ ಗುಡಿಸುವುದನ್ನು ನೋಡಿರಬಹುದು. ಬೇಡದ್ದನ್ನು ಹುಡುಕುತ್ತಾ ಕೂರುವುದಿಲ್ಲ. ಬಾಗಿಲಲ್ಲಿ ಹಿಡಿಯುವಷ್ಟನ್ನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಒಳಗೆ ತರುತ್ತೇವೆ. ಕಿಡ್ನಿಯದ್ದೂ ಅದೇ ದಾರಿ. ಗ್ಲಾಮೆರುಲಸ್ ಎಂಬ ಜರಡಿ ರಕ್ತದ ಒತ್ತಡದ ಬಲದಿಂದ ನೀರು, ಉಪ್ಪು, ಗ್ಲೂಕೋಸ್, ಯೂರಿಯಾ ಎಲ್ಲವನ್ನೂ ಕೊಳವೆಗೆ ಬಿಡುತ್ತದೆ. ರಕ್ತಕಣ ಮತ್ತು ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನ್ ಮಾತ್ರ ಒಳಗೇ ಉಳಿಯುತ್ತವೆ. ಮೂತ್ರದಲ್ಲಿ ಆಲ್ಬುಮಿನ್ ಜಾಸ್ತಿ ಕಂಡರೆ ಮೊದಲು ಜರಡಿಯ ಮೇಲೆ ಅನುಮಾನ ಬರುವುದು ಇದಕ್ಕೇ.

ಸ್ಲೈಡಿನಲ್ಲಿ ಗ್ಲೂಕೋಸ್ ಒಂದನ್ನೇ ಹಿಡಿದು ಕೊಳವೆಯ ಉದ್ದಕ್ಕೆ ನಡೆಯಿರಿ. ನಿಮಿಷಕ್ಕೆ ಸೋಸುವುದು 125 ಮಿಲಿ. ರಕ್ತದ ಸಕ್ಕರೆ 100 ಇದ್ದರೆ, ಅಂದರೆ 100 ಮಿಲಿಗೆ 100 ಮಿಲಿಗ್ರಾಂ, ಒಂದು ಮಿಲಿಯಲ್ಲಿ 1 ಮಿಲಿಗ್ರಾಂ. ಹಾಗಾಗಿ ನಿಮಿಷಕ್ಕೆ 125 ಮಿಲಿಗ್ರಾಂ ಗ್ಲೂಕೋಸ್ ಕೊಳವೆಗೆ ಬೀಳುತ್ತದೆ. ಮೊದಲ ತಿರುವಿನಲ್ಲೇ, ಪ್ರಾಕ್ಸಿಮಲ್ ಟ್ಯೂಬ್ಯೂಲಿನಲ್ಲಿ, ಅಷ್ಟೂ ವಾಪಸ್. ಸೋಡಿಯಂ ಮತ್ತು ನೀರಿನಲ್ಲಿ ಮೂರನೇ ಎರಡು ಭಾಗವೂ ಇಲ್ಲೇ ಮರಳುತ್ತದೆ.

ಈಗ ಸಕ್ಕರೆ 400 ಇರುವ ರೋಗಿಯನ್ನು ತೆಗೆದುಕೊಳ್ಳಿ. ಸೋಸಿ ಬರುವುದು ನಿಮಿಷಕ್ಕೆ 500 ಮಿಲಿಗ್ರಾಂ. ಗ್ಲೂಕೋಸ್ ಹೊತ್ತು ತರುವ ಪ್ರೋಟೀನ್‌ಗಳು ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 375 ಹೊರಬಲ್ಲವು. ಉಳಿದ 125 ಮೂತ್ರಕ್ಕೆ ಹೋಗುತ್ತದೆ. ಇಡೀ ದಿನ ಹಾಗೇ ಇದ್ದರೆ 180 ಗ್ರಾಂ! ಆ ಗ್ಲೂಕೋಸ್ ಕೊಳವೆಯಲ್ಲಿ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪದೇಪದೇ ಮೂತ್ರ, ಅದರ ಹಿಂದೆ ಬಾಯಾರಿಕೆ.

ಇಲ್ಲೊಂದು ಪ್ರಶ್ನೆ ಖಂಡಿತ ಬರುತ್ತದೆ. ಲೆಕ್ಕದ ಪ್ರಕಾರ ಸಕ್ಕರೆ 300 ದಾಟಿದ ಮೇಲೆ ಮೂತ್ರದಲ್ಲಿ ಕಾಣಬೇಕು, ಆದರೆ 180-200ಕ್ಕೇ ಕಾಣುತ್ತದಲ್ಲ? ಎಲ್ಲ ನೆಫ್ರಾನ್‌ಗಳ ಶಕ್ತಿ ಒಂದೇ ಅಲ್ಲ. ಕೆಲವು ಬೇಗ ಸೋಲುತ್ತವೆ, ಅವುಗಳ ಗ್ಲೂಕೋಸ್ ಮೊದಲು ಸೋರುತ್ತದೆ.

ಹೆನ್ಲೆಯ ಬಳೆಯಲ್ಲಿ ಜಾಸ್ತಿ ನಿಲ್ಲಬೇಡಿ. ಇಳಿಯುವ ಕೊಂಬೆ ನೀರು ಬಿಡುತ್ತದೆ, ಏರುವ ಕೊಂಬೆ ಉಪ್ಪು ಬಿಡುತ್ತದೆ, ನೀರನ್ನಲ್ಲ. ಅದರಿಂದ ಕಿಡ್ನಿಯ ಒಳಭಾಗ ಉಪ್ಪುಪ್ಪಾಗುತ್ತದೆ. ಕೊನೆಗೆ ಕಲೆಕ್ಟಿಂಗ್ ಡಕ್ಟಿನಲ್ಲಿ ಎಡಿಎಚ್ ಹಾರ್ಮೋನ್ ಇದ್ದರೆ ಆ ಉಪ್ಪಿನ ಕಡೆಗೆ ನೀರು ಹೋಗಿ ರಕ್ತ ಸೇರುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಬೆವರೇ ಇಲ್ಲ, ಕಾಫಿ ಮಾತ್ರ ಮೇಲಿಂದ ಮೇಲೆ. ಮೈಯಲ್ಲಿ ನೀರು ಜಾಸ್ತಿ, ಎಡಿಎಚ್ ಕಡಿಮೆ. ಬಚ್ಚಲಿಗೆ ಓಡಾಟ ಯಾಕೆ ಅಂತ ಗೊತ್ತಾಯ್ತಲ್ಲ!

ಇನ್ನು ಸ್ರವಿಸುವಿಕೆ. ಹೆಚ್ಚಿನವರು ಎಡವುವುದು ಇಲ್ಲೇ, ಇದನ್ನು ಸೋಸುವಿಕೆಯ ಇನ್ನೊಂದು ಹೆಸರು ಅಂದುಕೊಂಡು. ನಿಮ್ಮ ಚಿತ್ರದಲ್ಲಿ ಕೊಳವೆಯ ಪಕ್ಕಕ್ಕೇ ಕೆಂಪು ರಕ್ತನಾಳ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ಬರೆಯಿರಿ. ಜರಡಿಯಲ್ಲಿ ಸೋಸಿ ಹೋಗುವುದು ಪ್ಲಾಸ್ಮಾದ ಐದನೇ ಒಂದು ಭಾಗ ಮಾತ್ರ. ಉಳಿದ ನಾಲ್ಕು ಭಾಗ ಹಾಗೇ ಮುಂದೆ ಹೋಗಿ ಕೊಳವೆಯನ್ನು ಸುತ್ತಿಕೊಂಡಿರುವ ಸಣ್ಣ ನಾಳಗಳಲ್ಲಿ ಹರಿಯುತ್ತದೆ. ಜರಡಿಯಲ್ಲಿ ತಪ್ಪಿಸಿಕೊಂಡದ್ದನ್ನು ಕೊಳವೆಯ ಗೋಡೆಯ ಕೋಶಗಳು ಅಲ್ಲಿಂದ ಹೆಕ್ಕಿ ನೇರ ಕೊಳವೆಯೊಳಕ್ಕೆ ಹಾಕುತ್ತವೆ. ಅಟ್ಟದ ಮೂಲೆಯಲ್ಲಿ ಉಳಿದದ್ದನ್ನು ಕಿಟಕಿಯಿಂದ ಎಸೆದ ಹಾಗೆ. ಹೈಡ್ರೋಜನ್ ಅಯಾನು ಹೀಗೆ ಹೊರಬೀಳುತ್ತದೆ, ಮೂತ್ರದಲ್ಲಿರುವ ಪೊಟ್ಯಾಸಿಯಂ ಕೂಡ ಬಹುಪಾಲು ಹೀಗೇ ಬಂದದ್ದು.

ಉದಾಹರಣೆಗೆ ಪೆನಿಸಿಲಿನ್ ಇಟ್ಟುಕೊಳ್ಳಿ. ಅದನ್ನು ಕೊಳವೆಯ ಕೋಶಗಳು ಎಷ್ಟು ಬೇಗ ಹೊರಹಾಕುತ್ತವೆ ಅಂದರೆ, 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಔಷಧಿ ಸಾಲದೆ ಬಂದಾಗ, ಅವನ ಮೂತ್ರದಿಂದಲೇ ಪೆನಿಸಿಲಿನ್ ತೆಗೆದು ಮತ್ತೆ ಅವನಿಗೇ ಕೊಟ್ಟರು. ಆಮೇಲೆ ಈ ಸ್ರವಿಸುವಿಕೆಯನ್ನು ತಡೆಯುವ ಪ್ರೊಬೆನೆಸಿಡ್ ಬಂತು. ಅದರ ಜೊತೆ ಕೊಟ್ಟರೆ ಪೆನಿಸಿಲಿನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ.

ಸ್ಲೈಡಿನ ಕೆಳಗೆ ಒಂದು ಸಾಲು ಬರೆದಿಡಿ: ಮೂತ್ರದಲ್ಲಿ ಹೋಗುವುದು = ಸೋಸಿದ್ದು − ಮರುಹೀರಿದ್ದು + ಸ್ರವಿಸಿದ್ದು. ಗ್ಲೂಕೋಸ್ 400 ಇದ್ದಾಗ 500 − 375 + 0. ಈ ಲೆಕ್ಕವನ್ನು ಬೋರ್ಡಿನ ಮೇಲೆ ಕೈಯಿಂದಲೇ ಮಾಡಿ ತೋರಿಸಿ.