ಹೆರಿಗೆ ರಜೆ ಮುಗಿದ ಮೇಲೆ ಕಡಿಮೆ ಗಂಟೆಯಿಂದ ಕೆಲಸ ಶುರು ಮಾಡಲು ಪತ್ರ ಬರೆಯುವುದು ಹೇಗೆ?

"ಚಿಕ್ಕಮಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ. ಮುಂದಿನ ತಿಂಗಳು ಹೆರಿಗೆ ರಜೆ ಮುಗಿಯುತ್ತೆ, ಮಗು ಇನ್ನೂ ಹಾಲು ಕುಡಿಯುತ್ತೆ. ಮೊದಲ ಕೆಲವು ವಾರ ಕಡಿಮೆ ಗಂಟೆ ಕೊಡಿ ಅಂತ ಕೇಳಬೇಕು. ಸಂಬಳ, ಸರ್ವಿಸ್ ಕೆಡದ ಹಾಗೆ ಏನಂತ ಬರೆಯಲಿ?"

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್ ಕಂಪನಿಯ ಅಕೌಂಟ್ಸ್‌ನಲ್ಲಿದ್ದೆ, ಮನೆ ಬೇಲೂರಿನಲ್ಲಿ. ಮೊದಲು ಬರೆದದ್ದು ಎರಡು ಪುಟದ ಪತ್ರ: ಮಗು ಒಳಲೆಯಲ್ಲಿ ಕುಡಿಯೋದಿಲ್ಲ, ಅತ್ತೆಗೆ ಮಂಡಿನೋವು, ಮಳೆಗಾಲದ ಬಸ್ಸು. ಕೊನೆಗೆ "ಕೆಲವು ದಿನ ಪಾರ್ಟ್ ಟೈಮ್ ಕೊಡಿ" ಅಂದಿದ್ದೆ. ಆಫೀಸಿನವರು ಪಾರ್ಟ್ ಟೈಮ್ ಅನ್ನೋ ಮಾತನ್ನೇ ಹಿಡಿದು, ಅರ್ಧ ಸಂಬಳದ ಹೊಸ ನೇಮಕಾತಿ ಪತ್ರ ಟೈಪ್ ಮಾಡಿ ಸಹಿಗೆ ಕಳಿಸಿದರು. ಸಹಿ ಹಾಕಿದ್ದರೆ ಗ್ರಾಚ್ಯುಟಿಗೆ ಲೆಕ್ಕವಾಗುವ ಹಳೆಯ ಸರ್ವಿಸ್ ಬಗ್ಗೆಯೇ ತಕರಾರು ಏಳುತ್ತಿತ್ತು. ಹಾಗಾಗಿ ಆ ಪದ ಬರೆಯಲೇಬೇಡಿ.

ಒಂದು ವಿಷಯ ಮೊದಲೇ ಸ್ಪಷ್ಟವಿರಲಿ. ನಮ್ಮ ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ ಇದೆ. ಅದಾದ ಮೇಲೆ ಹಂತ ಹಂತವಾಗಿ ಬರ್ತೀನಿ ಅನ್ನೋದು ನಮ್ಮ ಕೋರಿಕೆ, ಒಪ್ಪೋದು ಬಿಡೋದು ಅವರಿಗೆ ಬಿಟ್ಟದ್ದು. ಆದರೆ ಮಗುವಿಗೆ 15 ತಿಂಗಳಾಗುವವರೆಗೆ, ಊಟದ ವಿರಾಮ ಬಿಟ್ಟು ದಿನಕ್ಕೆ ಎರಡು ಸಲ ಹಾಲುಣಿಸುವ ವಿರಾಮ ನಮ್ಮ ಹಕ್ಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಇದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಈ ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿದರೆ, ಕೋರಿಕೆಗೆ ಇಲ್ಲ ಅನ್ನುವಾಗ ಹಕ್ಕಿಗೂ ಸೇರಿಸಿ ಇಲ್ಲ ಅಂದುಬಿಡುತ್ತಾರೆ. ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ.

ನನ್ನ ಖಾತೆಯಲ್ಲಿ 18 ದಿನ ಗಳಿಕೆ ರಜೆ ಉಳಿದಿತ್ತು. ಕಡಿಮೆಯಾಗುವ ಗಂಟೆಗಳನ್ನು ಅದರಿಂದಲೇ ಅರ್ಧ ದಿನದ ಲೆಕ್ಕದಲ್ಲಿ ಕಳೆಯಿರಿ ಅಂತ ಕೇಳಿದೆ. ಆಗ ಸಂಬಳ, ಪಿಎಫ್, ಹುದ್ದೆ ಯಾವುದಕ್ಕೂ ಕೈ ಹಾಕುವ ಅಗತ್ಯವಿಲ್ಲ. ಎರಡನೇ ಸಲ ಕೊಟ್ಟ ಪತ್ರ ಇಷ್ಟೇ:

"ಮಾನ್ಯರೇ,

ವಿಷಯ: ಹೆರಿಗೆ ರಜೆಯ ನಂತರ ಹಂತ ಹಂತವಾಗಿ ಕೆಲಸಕ್ಕೆ ಮರಳುವ ಬಗ್ಗೆ.

ನನ್ನ ಹೆರಿಗೆ ರಜೆ ಮುಗಿದು ಜೂನ್ 3ಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ. ಜೂನ್ 3ರಿಂದ 15ರವರೆಗೆ, 11ನೇ ತಾರೀಕು ಬಿಟ್ಟು, ಬೆಳಿಗ್ಗೆ 9.30ರಿಂದ 1.30ರವರೆಗೆ ಅರ್ಧ ದಿನ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ಜೂನ್ 17ರಿಂದ ಜುಲೈ 13ರವರೆಗೆ ಸೋಮ, ಬುಧ, ಶುಕ್ರ ಪೂರ್ತಿ ದಿನ; ಮಂಗಳ, ಗುರು, ಶನಿ ಅರ್ಧ ದಿನ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 11 ಮತ್ತು 20ನೇ ತಾರೀಕು ಪೂರ್ತಿ ದಿನ ಇರುತ್ತೇನೆ. ಎರಡನೇ ಹಂತದಲ್ಲಿ ಅವು ಅರ್ಧ ದಿನದಂದು ಬಂದರೆ, ಆ ವಾರದ ಇನ್ನೊಂದು ದಿನ ಅರ್ಧ ದಿನ ಪಡೆಯುತ್ತೇನೆ. ಒಟ್ಟು 23 ಅರ್ಧ ದಿನಗಳನ್ನು, ಅಂದರೆ ಹನ್ನೊಂದೂವರೆ ದಿನವನ್ನು, ನನ್ನ ಗಳಿಕೆ ರಜೆಯಿಂದ ಕಳೆಯಬೇಕು. ನನ್ನ ಹುದ್ದೆ, ಸಂಬಳ, ಸೇವಾ ಷರತ್ತುಗಳಲ್ಲಿ ಬದಲಾವಣೆ ಕೋರುತ್ತಿಲ್ಲ.

ಜುಲೈ 15ರಿಂದ ಪೂರ್ಣಾವಧಿ ಕೆಲಸ ಮಾಡುತ್ತೇನೆ. ಕಾನೂನಿನಂತೆ ದೊರೆಯುವ ಎರಡು ಹಾಲುಣಿಸುವ ವಿರಾಮಗಳಿಗೆ ಮನೆಗೆ ಹೋಗಿಬರಲು ದೂರವಾಗುವುದರಿಂದ, ಎರಡನ್ನೂ ಸೇರಿಸಿ ಸಂಜೆ 5.30ರ ಬದಲು 4.30ಕ್ಕೆ ಹೊರಡಲು ಅನುಮತಿಸಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಈ ವ್ಯವಸ್ಥೆ.

ದಯವಿಟ್ಟು ಲಿಖಿತವಾಗಿ ತಿಳಿಸಿ."

ಈ ಸಲ ಅತ್ತೆಯ ಮಂಡಿನೋವು ಇರಲಿಲ್ಲ! ಆ 11, 20ರ ಸಾಲು ಓದಿದ ಮೇಲೇ ಮ್ಯಾನೇಜರ್ ಮುಖ ಸಡಿಲವಾಗಿದ್ದು. ನಿಮ್ಮ ಆಫೀಸಿನಲ್ಲಿ ನೀವಿಲ್ಲದೆ ನಡೆಯದ ದಿನ ಯಾವುದೋ, ಅದನ್ನು ನೀವೇ ಬರೆದು ಕೊಡಿ. ವಿರಾಮ ಕೂಡಿಸೋದಕ್ಕೆ ಅವರ ಒಪ್ಪಿಗೆ ಬೇಕು. ಒಪ್ಪದಿದ್ದರೂ ದಿನದ ಎರಡು ವಿರಾಮ ಎಲ್ಲಿಗೂ ಹೋಗೋದಿಲ್ಲ. ಮನೆ ಹತ್ತಿರವಿದ್ದರೆ ಬಿಡಿಬಿಡಿಯಾಗೇ ತಗೊಳ್ಳಿ, ಮಗುವಿಗೂ ಅದೇ ಒಳ್ಳೇದು, ಎದೆ ಗಟ್ಟಿಯಾಗಿ ನೋಯೋದೂ ತಪ್ಪುತ್ತೆ. ಗಳಿಕೆ ರಜೆ ಪೂರ್ತಿ ಖಾಲಿ ಮಾಡಬೇಡಿ. ನನಗುಳಿದ ಆರೂವರೆ ದಿನದಲ್ಲಿ ಮೂರು ದಿನ ಮಗುವಿನ ಜ್ವರಕ್ಕೇ ಹೋಯ್ತು.

ಪತ್ರ ರಜೆ ಮುಗಿಯೋಕೆ ಒಂದು ತಿಂಗಳು ಮುಂಚೆ ಇಮೇಲ್‌ನಲ್ಲೇ ಕಳಿಸಿ. "ಬಾಮ್ಮ, ನೋಡ್ಕೊಳ್ಳೋಣ" ಅಂದರೆ, "ಇವತ್ತು ಮಾತಾಡಿದಂತೆ" ಅಂತ ಶುರು ಮಾಡಿ ಅದನ್ನೇ ಮತ್ತೊಂದು ಇಮೇಲ್ ಹಾಕಿ. ಜೂನ್ ಸಂಬಳದ ಚೀಟಿ ಬಂದಾಗ ನನಗೆ ಎಂಟೂವರೆ ದಿನ ಲಾಸ್ ಆಫ್ ಪೇ ಹಾಕಿದ್ದರು. ಒಪ್ಪಿಗೆಯ ಇಮೇಲ್ ತೋರಿಸಿದೆ. ಗಳಿಕೆ ರಜೆಗೆ ಬದಲಾಯಿಸಿ, ಕಡಿದ ದುಡ್ಡನ್ನು ಜುಲೈ ಸಂಬಳದಲ್ಲಿ ಕೊಟ್ಟರು.