ಪಶ್ಚಿಮದ ಗಾಜಿನ ಆಫೀಸಿಗೆ ಆರ್‌ಟಿಎಸ್‌ನಲ್ಲಿ ಲೋಡ್ ಜಾಸ್ತಿ ಯಾಕೆ?

"ಒಂದೇ ಆಫೀಸ್ ಫ್ಲೋರ್, ಪಶ್ಚಿಮಕ್ಕೆ ಪೂರ್ತಿ ಸಿಂಗಲ್ ಗಾಜು. ಹೀಟ್ ಬ್ಯಾಲೆನ್ಸ್‌ಗಿಂತ ಆರ್‌ಟಿಎಸ್‌ನಲ್ಲಿ ಸೆನ್ಸಿಬಲ್ ಜಾಸ್ತಿ, ಲೇಟೆಂಟ್ ಕೂಡ ಬೇರೆ. ಯಾವುದನ್ನು ನಂಬಲಿ?"

ಆರ್‌ಟಿಎಸ್ ಅಂದರೆ ರೇಡಿಯಂಟ್ ಟೈಮ್ ಸೀರೀಸ್; ಅದೂ ಹೀಟ್ ಬ್ಯಾಲೆನ್ಸೂ ಎಸಿಯ ಕೂಲಿಂಗ್ ಲೋಡ್ ಲೆಕ್ಕ ಹಾಕುವ ಎರಡು ವಿಧಾನಗಳು. ಸೆನ್ಸಿಬಲ್, ಅಂದರೆ ಉಷ್ಣಾಂಶ ಏರಿಸುವ ಶಾಖದ ವ್ಯತ್ಯಾಸಕ್ಕೆ ಬಹುಶಃ ಆ ಗಾಜೇ ಕಾರಣ. ಒಳಗೆ ಬಂದ ಬಿಸಿಲಿನ ಶಾಖವೆಲ್ಲ ತಡವಾಗಿಯಾದರೂ ಕೋಣೆಯ ಲೋಡ್ ಆಗುತ್ತದೆ ಎಂದು ಆರ್‌ಟಿಎಸ್ ಹಿಡಿಯುತ್ತದೆ. ನಿಜದಲ್ಲಿ ಬಿಸಿಯಾದ ನೆಲ, ಮೇಜುಗಳ ಶಾಖದಲ್ಲಿ ಒಂದಿಷ್ಟು ಗಾಜಿನ ಮೂಲಕ ಹೊರಗೇ ಹೋಗುತ್ತದೆ. ಹೀಟ್ ಬ್ಯಾಲೆನ್ಸ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಆದರೆ ಮೊದಲು ಲೇಟೆಂಟ್, ಅಂದರೆ ತೇವಾಂಶದ ಲೋಡ್ ಸರಿಮಾಡಿ. ಅದು ತಕ್ಷಣವೇ ಬೀಳುತ್ತದೆ, ತಡವಾಗುವ ಮಾತಿಲ್ಲ. ಹಾಗಾಗಿ ಎರಡರಲ್ಲೂ ಅದು ಒಂದೇ ಬರಬೇಕು. ಬರದಿದ್ದರೆ ಇನ್‌ಪುಟ್ ಬೇರೆ ಇದೆ ಎಂದೇ ಅರ್ಥ. ಉದಾಹರಣೆಗೆ 50 ಜನ, ತಲಾ 55 ವ್ಯಾಟ್ ಅಂದರೆ 2,750 ವ್ಯಾಟ್. ಹೊರಗಿನ ಗಾಳಿ ಸೆಕೆಂಡಿಗೆ 400 ಲೀಟರ್, ತೇವಾಂಶದ ವ್ಯತ್ಯಾಸ ಕಿಲೋ ಒಣ ಗಾಳಿಗೆ 0.006 ಕಿಲೋ ನೀರಾವಿ ಇದ್ದರೆ:

```
Q = 3010 × 400 × 0.006 = 7224 W
```

ಈ 7,224 ವ್ಯಾಟ್ ಎಸಿ ಯಂತ್ರದ ಕೂಲಿಂಗ್ ಕಾಯಿಲ್ ಮೇಲಿನ ಲೋಡ್, ಕೋಣೆಯದ್ದಲ್ಲ. ಒಂದು ಕಡೆ ಇದು ಕೋಣೆಗೆ ಸೇರಿಕೊಂಡಿದೆಯಾ ನೋಡಿ. ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲೇ.

ಆಮೇಲೆ ಎರಡರಲ್ಲೂ ಗಾಜನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ, ಉಳಿದಿದ್ದನ್ನು ಗೋಡೆ ಮಾಡಿ, ಮತ್ತೆ ರನ್ ಮಾಡಿ. ಅಂತರ ಹೆಚ್ಚುಕಡಿಮೆ ಮುಚ್ಚಿದರೆ ಗಾಜೇ ಕಾರಣ. ಆಗ ಹೀಟ್ ಬ್ಯಾಲೆನ್ಸ್ ಅಂಕಿಯನ್ನೇ ಹಿಡಿಯಿರಿ. ಮುಚ್ಚದಿದ್ದರೆ ಆರ್‌ಟಿಎಸ್‌ನ ಶಾಖವನ್ನು 24 ಗಂಟೆಗೆ ಹಂಚುವ ಗುಣಾಂಕಗಳ ಮೊತ್ತ 1 ಆಗುತ್ತದಾ, ಬ್ಲೈಂಡ್ಸ್ ಎರಡರಲ್ಲೂ ಒಂದೇ ಥರ ಇದೆಯಾ ನೋಡಿ.