ಸಿಹಿಗೆಣಸು ನೀರಾಗದಂತೆ ಬೇಯಿಸುವುದು

ಪ್ರಶ್ನೆ: ನಾವು ಮಡಿಕೇರಿಯಲ್ಲಿದ್ದೇವೆ. ಸಿಹಿಗೆಣಸು ಮೆತ್ತಗೆ ಬೇಯುವಷ್ಟರಲ್ಲಿ ನೀರುನೀರಾಗುತ್ತದೆ, ಏನು ಮಾಡಬೇಕು?

ಉತ್ತರ: ನೀರಿನಲ್ಲಿ ಮುಳುಗಿಸಬೇಡಿ. ಸಿಪ್ಪೆ ಸಮೇತ, ಇಡಿಯಾಗಿ, ಹಬೆಯಲ್ಲಿ ಬೇಯಿಸಿ.

ಹೆಚ್ಚಿದ ಗೆಣಸಿನ ಕೊಯ್ದ ಮೈ ನೇರವಾಗಿ ನೀರು ಕುಡಿಯುತ್ತದೆ, ಸಿಹಿಯೂ ನೀರಿಗಿಳಿಯುತ್ತದೆ. ಇಡೀ ಗೆಣಸಿಗೆ ಸಿಪ್ಪೆಯೇ ತಡೆ. ಒಳಗಿನ ಪಿಷ್ಟ ಬೇಯಲು ಅದರಲ್ಲೇ ಇರುವ ನೀರು ಸಾಕು, ಹೊರಗಿನಿಂದ ಬೇಕಾದದ್ದು ಬಿಸಿ ಮಾತ್ರ.

ಕಡಂಬುಟ್ಟು ಬೇಯಿಸುವ ಪಾತ್ರೆಯೇ ಇದಕ್ಕೆ ಸರಿ, ಇಡ್ಲಿ ಪಾತ್ರೆಯೂ ಆದೀತು. ತಳದಲ್ಲಿ ಎರಡು ಬೆರಳಷ್ಟು ನೀರು ಕುದಿಯಲಿ, ತಟ್ಟೆಗೆ ಅದು ತಾಗಬಾರದು. ಒಂದೇ ದಪ್ಪದ ಗೆಣಸು ಆರಿಸಿ, ಇಲ್ಲದಿದ್ದರೆ ದಪ್ಪನೆಯದು ಬೇಯುವಾಗ ಸಣ್ಣದು ಒಡೆದು ಹಬೆಯ ನೀರು ಒಳಗಿಳಿಯುತ್ತದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ್ದಕ್ಕೆ 30 ನಿಮಿಷ ಹಿಡಿಯುತ್ತದೆ. ಮಡಿಕೇರಿಯ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಇನ್ನೈದು ನಿಮಿಷ ಕೊಡಿ. ನಡುವಿಗೆ ಚುಚ್ಚಿದ ಕಡ್ಡಿ ತಡೆಯಿಲ್ಲದೆ ಇಳಿದರೆ ಬೆಂದಿದೆ.

ಬಹುತೇಕರು ಕೆಡಿಸುವುದು ಇದಾದ ಮೇಲೆ: ಒಲೆ ಆರಿಸಿ ಮುಚ್ಚಳ ಹಾಗೇ ಬಿಡುತ್ತಾರೆ. ಮುಚ್ಚಳದಿಂದ ತೊಟ್ಟಿಕ್ಕಿದ ನೀರು ಸಿಪ್ಪೆಯನ್ನು ಲೊಳೆಯಾಗಿಸುತ್ತದೆ. ಕೂಡಲೇ ಹೊರತೆಗೆದು, ಅಗಲ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಸಿಪ್ಪೆ ಸುಲಿಯಿರಿ.